ಯಂತ್ರವನ್ನು ಯಾವ ವರ್ಷ ಬದಲಾಯಿಸಬೇಕು? ಸಮಾನ ವಾರ್ಷಿಕ ವೆಚ್ಚದಿಂದ ಲೆಕ್ಕ ಹಾಕುವ ಕ್ರಮ

ಯಂತ್ರ ಹಳೆಯದಾದಷ್ಟೂ ಅದರ ನಿರ್ವಹಣೆಯ ಖರ್ಚು ಏರುತ್ತದೆ. ಆದರೆ ಖರ್ಚು ಏರಿತು ಎನ್ನುವುದೊಂದೇ ಯಂತ್ರ ಬದಲಾಯಿಸಲು ಕಾರಣವಾಗುವುದಿಲ್ಲ. ಹೊಸ ಯಂತ್ರಕ್ಕೆ ಮೊದಲ ವರ್ಷವೇ ಅತಿ ದೊಡ್ಡ ಪೆಟ್ಟು ಬೀಳುತ್ತದೆ: ಕೊಂಡ ಮರುದಿನದಿಂದಲೇ ಮಾರಾಟದ ಬೆಲೆ ಕುಸಿಯುತ್ತದೆ. ಬೇಗ ಬೇಗ ಬದಲಾಯಿಸಿದರೆ ಈ ಕುಸಿತವನ್ನು ಮತ್ತೆ ಮತ್ತೆ ಹೊರಬೇಕು. ಬಹಳ ಕಾಲ ಇಟ್ಟುಕೊಂಡರೆ ರಿಪೇರಿ ತಿಂದುಹಾಕುತ್ತದೆ. ಎರಡರ ನಡುವೆ ಎಲ್ಲೋ ಒಂದು ವಯಸ್ಸಿನಲ್ಲಿ ಯಂತ್ರದ ಒಟ್ಟು ಖರ್ಚು ವರ್ಷಕ್ಕೆ ಅತಿ ಕಡಿಮೆಯಾಗಿರುತ್ತದೆ. ಆ ವಯಸ್ಸನ್ನು ಕಂಡುಹಿಡಿಯಲು ಸಮಾನ ವಾರ್ಷಿಕ ವೆಚ್ಚ ಎಂಬ ಅಳತೆ ಬೇಕು.

ಅಳತೆಯ ಅರ್ಥ ಇಷ್ಟೇ. ಯಂತ್ರವನ್ನು 4 ವರ್ಷ ಇಟ್ಟುಕೊಳ್ಳುವುದಕ್ಕೆ ಆಗುವ ಏರುಪೇರಿನ ಖರ್ಚೆಲ್ಲವನ್ನೂ, ಬಡ್ಡಿಯನ್ನೂ ಸೇರಿಸಿಕೊಂಡು, ವರ್ಷಕ್ಕೆ ಇಷ್ಟು ಎಂಬ ಒಂದೇ ಸಮನಾದ ಬಾಡಿಗೆಯ ರೂಪಕ್ಕೆ ತಂದರೆ ಎಷ್ಟಾಗುತ್ತದೆ? 3 ವರ್ಷದ ಯೋಜನೆಯ ಬಾಡಿಗೆಯನ್ನೂ 6 ವರ್ಷದ ಯೋಜನೆಯ ಬಾಡಿಗೆಯನ್ನೂ ಹೀಗೆ ಪಕ್ಕಪಕ್ಕ ಇಟ್ಟು ನೋಡಬಹುದು. ಒಟ್ಟು ಮೊತ್ತಗಳನ್ನು ಹಾಗೆ ಹೋಲಿಸಲು ಬರುವುದಿಲ್ಲ, ಏಕೆಂದರೆ 6 ವರ್ಷದ ಯೋಜನೆ ಇಮ್ಮಡಿ ಕಾಲ ಕೆಲಸ ಮಾಡಿಕೊಟ್ಟಿರುತ್ತದೆ.

ಉದಾಹರಣೆಗೆ ಒಂದು ಸ್ಕ್ರೂ ಏರ್ ಕಂಪ್ರೆಸರ್ ತೆಗೆದುಕೊಳ್ಳೋಣ. ಮುಂದಿನ ಅಂಕಿಗಳೆಲ್ಲ ಸಾವಿರದ ಲೆಕ್ಕದಲ್ಲಿವೆ. ನಾಣ್ಯ ಯಾವುದೇ ಇರಲಿ, ಕ್ರಮ ಬದಲಾಗದು. ಅಂಕಿಗಳು ಲೆಕ್ಕ ತೋರಿಸುವುದಕ್ಕೆ ಕಟ್ಟಿದವು, ನಿಮ್ಮ ಯಂತ್ರಕ್ಕೆ ನಿಮ್ಮದೇ ಅಂಕಿ ಹಾಕಬೇಕು.

ಹಂತ 1: ಮೂರು ಅಂಕಿಗಳನ್ನು ಸರಿಯಾಗಿ ಕೂಡಿಸಿಕೊಳ್ಳುವುದು

ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ, ಸೂತ್ರದಲ್ಲಲ್ಲ. ಆದ್ದರಿಂದ ಈ ಹಂತಕ್ಕೆ ಹೆಚ್ಚು ಸಮಯ ಕೊಡಿ.

ಮೊದಲನೆಯದು ಕೊಳ್ಳುವ ಬೆಲೆ. ಬಿಲ್ಲಿನ ಮೊತ್ತಕ್ಕೆ ಸಾಗಣೆ, ಅಡಿಪಾಯ, ಪೈಪು ಮತ್ತು ವಿದ್ಯುತ್ ಜೋಡಣೆ, ಚಾಲನೆ ಕೊಡುವ ಖರ್ಚನ್ನು ಸೇರಿಸಬೇಕು. ನಮ್ಮ ಕಂಪ್ರೆಸರ್‌ಗೆ ಎಲ್ಲ ಸೇರಿ 1000. ಮಾರಾಟಗಾರ ಹಳೆಯದನ್ನು ಎಕ್ಸ್‌ಚೇಂಜ್‌ನಲ್ಲಿ ಒಳ್ಳೆಯ ಬೆಲೆಗೆ ತೆಗೆದುಕೊಳ್ಳುತ್ತೇನೆ ಎಂದರೆ ಎಚ್ಚರ. ಹಳೆಯದಕ್ಕೆ ಮಾರುಕಟ್ಟೆಗಿಂತ 50 ಹೆಚ್ಚು ಕೊಟ್ಟು, ಹೊಸದರ ಮೇಲೆ ಕೊಡಬಹುದಾಗಿದ್ದ 50ರ ರಿಯಾಯಿತಿಯನ್ನು ನುಂಗಿಕೊಳ್ಳುವುದು ಮಾಮೂಲಿ ಆಟ. ಎಕ್ಸ್‌ಚೇಂಜ್ ಇಲ್ಲದೆ ನಗದು ಕೊಟ್ಟರೆ ಹೊಸದಕ್ಕೆ ಎಷ್ಟು ಎಂದು ಕೇಳಿ. ಹಳೆಯದಕ್ಕೆ ಹೊರಗಿನವರು ಎಷ್ಟು ಕೊಡುತ್ತಾರೆ ಎಂದು ಬೇರೆಯಾಗಿ ವಿಚಾರಿಸಿ.

ಎರಡನೆಯದು ಪ್ರತಿ ವರ್ಷದ ಕೊನೆಗೆ ಯಂತ್ರ ಮಾರಿದರೆ ಕೈಗೆ ಬರುವ ಹಣ. ಕೈಗೆ ಬರುವುದು ಎಂದರೆ ಬಿಚ್ಚುವ, ಸಾಗಿಸುವ ಖರ್ಚು ಕಳೆದ ಮೇಲೆ ಉಳಿಯುವುದು. 4 ವರ್ಷದ ಕಂಪ್ರೆಸರ್‌ಗೆ ಕೊಳ್ಳುವವರು 310 ಕೊಟ್ಟು, ಬಿಚ್ಚಿ ಕಳಿಸಲು ನಿಮಗೆ 20 ಹಿಡಿದರೆ ಬರೆಯಬೇಕಾದ ಅಂಕಿ 290. ಲೆಕ್ಕಪುಸ್ತಕದಲ್ಲಿ ಸವಕಳಿ ಕಳೆದು ಉಳಿದ ಬೆಲೆಗೆ ಇಲ್ಲಿ ಕೆಲಸವಿಲ್ಲ. ಅದು ತೆರಿಗೆಯ ಮೇಲೆ ಪರಿಣಾಮ ಮಾಡಬಹುದು, ಆದರೆ ಕೊಳ್ಳುವವನು ಅದನ್ನು ನೋಡಿ ಬೆಲೆ ಕಟ್ಟುವುದಿಲ್ಲ.

ಮೂರನೆಯದು ವರ್ಷವರ್ಷದ ನಿರ್ವಹಣೆ, ಮತ್ತು ಇದೇ ಕಷ್ಟದ್ದು. ಸ್ಟೋರ್ಸ್ ಚೀಟಿಯಲ್ಲಿರುವ ಬಿಡಿಭಾಗಗಳ ಬೆಲೆಯನ್ನಷ್ಟೇ ಬರೆದರೆ ಅರ್ಧ ಖರ್ಚು ಕಣ್ಣಿಗೆ ಬೀಳುವುದಿಲ್ಲ. ವಯಸ್ಸಿನ ಜೊತೆಗೆ ಏರುವ ಎಲ್ಲವೂ ಇದರಲ್ಲಿ ಬರಬೇಕು. ನಮ್ಮ ಕಂಪ್ರೆಸರ್‌ನ 4ನೇ ವರ್ಷದ 260 ಹೇಗೆ ಬಂತು ನೋಡಿ: ಆಯಿಲ್, ಫಿಲ್ಟರ್, ಸೆಪರೇಟರ್ ಬದಲಾವಣೆ 90, ಇನ್‌ಟೇಕ್ ವಾಲ್ವ್ ರಿಪೇರಿ, ಹೋಸು, ಕೂಲಿ 60, ಸವೆತದಿಂದ ಅಷ್ಟೇ ಗಾಳಿಗೆ ಹೆಚ್ಚು ಉರಿದ ಕರೆಂಟು 50, ಯಂತ್ರ ಕೆಟ್ಟು ನಿಂತ 3 ಪಾಳಿಗಳ ನಷ್ಟ, ಪಾಳಿಗೆ 20ರಂತೆ 60. ಕೊನೆಯ ಎರಡು ಬಾಬ್ತು ಯಾವ ರಿಪೇರಿ ಬಿಲ್ಲಿನಲ್ಲೂ ಇರುವುದಿಲ್ಲ. ನಿಂತ ಪಾಳಿಯ ನಷ್ಟ ಎಂದರೆ ಮಾರಾಟದ ಪೂರ್ತಿ ಬೆಲೆಯಲ್ಲ, ಕಚ್ಚಾ ಮಾಲು ಮುಂತಾದ ಉಳಿದ ಖರ್ಚು ಕಳೆದು ಸಿಗಬೇಕಾಗಿದ್ದ ಲಾಭ. ಆ ಕೆಲಸವನ್ನು ಭಾನುವಾರ ಓವರ್‌ಟೈಮ್ ಮಾಡಿ ತುಂಬಿಸಿಕೊಂಡಿದ್ದರೆ ಓವರ್‌ಟೈಮಿನ ಹೆಚ್ಚುವರಿ ಕೂಲಿಯೊಂದೇ ನಷ್ಟ.

ಆಪರೇಟರ್ ಸಂಬಳ, ಹೊಸ ಯಂತ್ರಕ್ಕೂ ಬೇಕಾಗುವ ಮೂಲ ಕರೆಂಟು ಇವು ಎಲ್ಲ ವಯಸ್ಸಿನಲ್ಲೂ ಒಂದೇ ಆಗಿದ್ದರೆ ಬಿಟ್ಟುಬಿಡಬಹುದು. ಅವು ಎಲ್ಲ ಸಾಲಿಗೂ ಒಂದೇ ಮೊತ್ತವನ್ನು ಕೂಡಿಸುತ್ತವೆ, ಉತ್ತಮ ವಯಸ್ಸನ್ನು ಅಲ್ಲಾಡಿಸುವುದಿಲ್ಲ. ಬೇರೆ ಮಾದರಿಯ ಯಂತ್ರದ ಜೊತೆ ಹೋಲಿಸುವಾಗ ಮಾತ್ರ ಅವನ್ನು ಮರಳಿ ತರಬೇಕು.

ಹಂತ 2: ಬಡ್ಡಿ ದರ

ಸಾಲ ತಂದಿದ್ದರೆ ಸಾಲದ ಬಡ್ಡಿ. ಸ್ವಂತ ಹಣವಾದರೆ ಅದೇ ಹಣ ಅಷ್ಟೇ ಅಪಾಯದ ಇನ್ನೊಂದು ಕೆಲಸದಲ್ಲಿ ತರುತ್ತಿದ್ದ ಗಳಿಕೆ. ನಮ್ಮ ಲೆಕ್ಕಕ್ಕೆ 10%. ಒಮ್ಮೆ ಬಡ್ಡಿ ದರ ಹಾಕಿದ ಮೇಲೆ ಸಾಲದ ಕಂತನ್ನು ಮತ್ತೆ ಖರ್ಚಿನ ಸಾಲಿನಲ್ಲಿ ಸೇರಿಸಬೇಡಿ. ಹಾಗೆ ಮಾಡಿದರೆ ಯಂತ್ರದ ಬೆಲೆ ಎರಡು ಸಲ ಲೆಕ್ಕಕ್ಕೆ ಬಂದಂತಾಗುತ್ತದೆ.

ಬೆಲೆಯೇರಿಕೆಯ ವಿಷಯದಲ್ಲಿ ಒಂದೇ ನಿಯಮ: ಅಂಕಿಗಳೂ ಬಡ್ಡಿಯೂ ಒಂದೇ ಭಾಷೆ ಮಾತನಾಡಬೇಕು. ಮುಂದಿನ ವರ್ಷಗಳ ರಿಪೇರಿಯನ್ನು ಇವತ್ತಿನ ದರದಲ್ಲಿ ಬರೆದಿದ್ದರೆ ಬಡ್ಡಿಯಿಂದಲೂ ಬೆಲೆಯೇರಿಕೆಯನ್ನು ತೆಗೆಯಬೇಕು. ಬಡ್ಡಿ 10%, ಬೆಲೆಯೇರಿಕೆ 4% ಇದ್ದರೆ 1.10 ÷ 1.04, ಅಂದರೆ ಸುಮಾರು 5.8% ಬಳಸಬೇಕು. ಒಂದರ ನಂತರ ಒಂದು ಯಂತ್ರ ಬದಲಾಯಿಸುತ್ತ ಹೋಗುವ ಲೆಕ್ಕಕ್ಕೆ ಈ ಇವತ್ತಿನ ದರದ ದಾರಿಯೇ ಸಲೀಸು, ಏಕೆಂದರೆ ಮುಂದಿನ ಯಂತ್ರದ ಬೆಲೆಯೂ ಆಗ 1000 ಎಂದೇ ಉಳಿಯುತ್ತದೆ. ಕೆಳಗಿನ ಲೆಕ್ಕದಲ್ಲಿ ಬೆಲೆಯೇರಿಕೆಯನ್ನು ಆಗಲೇ ತೆಗೆದ ಮೇಲೆ 10% ಉಳಿದಿದೆ ಎಂದುಕೊಳ್ಳಿ.

ಹಂತ 3: ಒಂದೊಂದು ವರ್ಷ ಇಟ್ಟುಕೊಳ್ಳುವುದರ ಬೆಲೆ

ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಬದಲು ಒಂದು ವರ್ಷವನ್ನು ಬಿಡಿಯಾಗಿ ನೋಡಿ. 4ನೇ ವರ್ಷ ಆರಂಭವಾಗುವಾಗ ಯಂತ್ರ ಮಾರಿದ್ದರೆ 390 ಬರುತ್ತಿತ್ತು. ಮಾರದೆ ಇಟ್ಟುಕೊಂಡದ್ದರಿಂದ ಆ 390 ಮತ್ತು ಅದರ ಒಂದು ವರ್ಷದ ಬಡ್ಡಿ 39 ಕೈತಪ್ಪಿತು, ಒಟ್ಟು 429. ವರ್ಷದ ಕೊನೆಗೆ ಮಾರಿದರೆ 290 ವಾಪಸು. ಮಧ್ಯೆ ನಿರ್ವಹಣೆಗೆ 260 ಹೋಯಿತು. ಹಾಗಾದರೆ 4ನೇ ವರ್ಷ ಆ ಯಂತ್ರವನ್ನು ಇಟ್ಟುಕೊಂಡದ್ದಕ್ಕೆ ತೆತ್ತದ್ದು 429 − 290 + 260 = 399. ನಿರ್ವಹಣೆಯ ಹಣವೆಲ್ಲ ವರ್ಷದ ಕೊನೆಗೆ ಹೋಗುತ್ತದೆ ಎಂದು ಹಿಡಿದಿದ್ದೇವೆ; ಹೀಗೆ ಹಿಡಿಯುವುದರಿಂದ ಉತ್ತಮ ವಯಸ್ಸು ಬದಲಾಗುವುದು ಅಪರೂಪ.

ಸೂತ್ರದಲ್ಲಿ ಹೇಳಿದರೆ, ಹಿಂದಿನ ವರ್ಷದ ಮಾರಾಟದ ಬೆಲೆ × (1 + ಬಡ್ಡಿ) − ಈ ವರ್ಷದ ಮಾರಾಟದ ಬೆಲೆ + ಈ ವರ್ಷದ ನಿರ್ವಹಣೆ. ಮೊದಲ ವರ್ಷಕ್ಕೆ ಹಿಂದಿನ ವರ್ಷದ ಮಾರಾಟದ ಬೆಲೆ ಎಂದರೆ ಕೊಂಡ ಬೆಲೆ, 1000.

ಹಂತ 4: ಸಮಾನ ವಾರ್ಷಿಕ ವೆಚ್ಚಕ್ಕೆ ತರುವುದು

ಪ್ರತಿ ವರ್ಷದ ಬೆಲೆಯನ್ನು ಬಡ್ಡಿಯಿಂದ ಹಿಂದಕ್ಕೆ ಇಳಿಸಿ ಇಂದಿನ ಮೌಲ್ಯಕ್ಕೆ ತಂದು, ಆ ವರ್ಷದವರೆಗಿನ ಮೊತ್ತವನ್ನು ಕೂಡಿ, ಮತ್ತೆ ಅಷ್ಟೇ ವರ್ಷಗಳ ಮೇಲೆ ಸಮನಾಗಿ ಹಂಚಬೇಕು. 4 ವರ್ಷಕ್ಕೆ ಕೈಯಲ್ಲಿ ಮಾಡಿ ನೋಡೋಣ. ನಾಲ್ಕು ವರ್ಷಗಳ ಬೆಲೆ ಕ್ರಮವಾಗಿ 500, 390, 372, 399. ಇವನ್ನು 1.1, 1.21, 1.331, 1.4641ರಿಂದ ಭಾಗಿಸಿದರೆ 454.5, 322.3, 279.5, 272.5. ಒಟ್ಟು 1328.9. 10% ಬಡ್ಡಿಯಲ್ಲಿ 4 ವರ್ಷ ಪ್ರತಿ ವರ್ಷ 1 ಕೊಡುವುದರ ಇಂದಿನ ಮೌಲ್ಯ 3.1699. ಆದ್ದರಿಂದ 1328.9 ÷ 3.1699 = 419.2.

ಇದನ್ನೇ ಎಲ್ಲ ವಯಸ್ಸಿಗೂ ಮಾಡಿದರೆ:

| ವರ್ಷ | ನಿರ್ವಹಣೆ | ವರ್ಷಾಂತ್ಯದ ಮಾರಾಟದ ಬೆಲೆ | ಆ ವರ್ಷದ ಬೆಲೆ | ಸಮಾನ ವಾರ್ಷಿಕ ವೆಚ್ಚ |
|---|---|---|---|---|
| 1 | 100 | 700 | 500 | 500.0 |
| 2 | 140 | 520 | 390 | 447.6 |
| 3 | 190 | 390 | 372 | 424.8 |
| 4 | 260 | 290 | 399 | 419.2 |
| 5 | 350 | 210 | 459 | 425.7 |
| 6 | 460 | 150 | 541 | 440.7 |
| 7 | 600 | 100 | 665 | 464.3 |

ಸ್ಪ್ರೆಡ್‌ಶೀಟ್‌ನಲ್ಲಿ ಇದು ಐದು ನಿಮಿಷದ ಕೆಲಸ. B1ರಲ್ಲಿ ಬಡ್ಡಿ ದರ ಇಡಿ. 3ನೇ ಸಾಲು ತಲೆಬರಹಕ್ಕೆ. 4ನೇ ಸಾಲು ಸೊನ್ನೆಯನೇ ವರ್ಷ: A4ರಲ್ಲಿ 0, C4ರಲ್ಲಿ ಕೊಂಡ ಬೆಲೆ. 5ನೇ ಸಾಲಿನಿಂದ A ವರ್ಷ, B ನಿರ್ವಹಣೆ, C ಮಾರಾಟದ ಬೆಲೆ. ನಂತರ D5, E5, F5ರಲ್ಲಿ ಕ್ರಮವಾಗಿ ಈ ಮೂರು ಸೂತ್ರ ಹಾಕಿ ಕೆಳಗೆ ಎಳೆಯಿರಿ:

```
=C4*(1+$B$1)-C5+B5
=D5/(1+$B$1)^A5
=-PMT($B$1,A5,SUM(E$5:E5))
```

PMT ಮುಂದಿನ ಋಣ ಚಿಹ್ನೆ ಬಿಟ್ಟುಹೋದರೆ ಉತ್ತರವೆಲ್ಲ ಋಣದಲ್ಲಿ ಬರುತ್ತದೆ, ಆಗ ಅತಿ ಕಡಿಮೆ ಸಂಖ್ಯೆ ಹುಡುಕಿದರೆ ತಲೆಕೆಳಗಾದ ಸಾಲು ಸಿಗುತ್ತದೆ. SUM ಒಳಗಿನ E$5ರ ಡಾಲರ್ ಚಿಹ್ನೆ ಮರೆತರೆ ಮೊತ್ತ ಸೇರುತ್ತ ಹೋಗುವುದಿಲ್ಲ. ಮೊದಲ ಸಾಲಿನಲ್ಲಿ D5 ಮತ್ತು F5 ಒಂದೇ ಆಗಿರಬೇಕು. ಇಲ್ಲಿ ಎರಡೂ 500. ಹಾಗಿಲ್ಲದಿದ್ದರೆ ಎಲ್ಲೋ ಕೋಶ ತಪ್ಪಿದೆ.

ಹಂತ 5: ಕೋಷ್ಟಕವನ್ನು ಓದುವುದು

ಅತಿ ಕಡಿಮೆ ವೆಚ್ಚ 4ನೇ ವರ್ಷದಲ್ಲಿ, 419.2. ಆದರೆ ಆ ವರ್ಷದ ಬೆಲೆ ಎಂಬ ಕಾಲಂ ಅತಿ ಕೆಳಗೆ ಇಳಿದದ್ದು 3ನೇ ವರ್ಷದಲ್ಲಿ, 372ಕ್ಕೆ. ಇದನ್ನು ನೋಡಿ 3 ವರ್ಷಕ್ಕೇ ಮಾರುವವರಿದ್ದಾರೆ. 4ನೇ ವರ್ಷದ 399 ಹಿಂದಿನ ವರ್ಷಕ್ಕಿಂತ ಹೆಚ್ಚು ನಿಜ, ಆದರೂ ಅಲ್ಲಿಯವರೆಗಿನ ಸರಾಸರಿ ಬಾಡಿಗೆ 424.8ಕ್ಕಿಂತ ಕಡಿಮೆ. ಸರಾಸರಿಗಿಂತ ಅಗ್ಗದ ವರ್ಷವನ್ನು ಸೇರಿಸಿದರೆ ಸರಾಸರಿ ಇಳಿಯುತ್ತದೆ. 5ನೇ ವರ್ಷದ 459, 419.2ಕ್ಕಿಂತ ಹೆಚ್ಚು, ಅದನ್ನು ಸೇರಿಸಿದ ಕೂಡಲೇ ಸರಾಸರಿ ಏರುತ್ತದೆ. ಮುಂದಿನ ಒಂದು ವರ್ಷದ ಬೆಲೆ ಸಮಾನ ವಾರ್ಷಿಕ ವೆಚ್ಚವನ್ನು ದಾಟುವ ಮೊದಲು ನಿಲ್ಲಬೇಕು.

ಇನ್ನೊಂದು ಗಮನಿಸಿ. 3, 4, 5ನೇ ವರ್ಷದ ಅಂಕಿಗಳ ನಡುವೆ ಹೆಚ್ಚೆಂದರೆ 6.5ರ ಅಂತರ, ಅಂದರೆ ಶೇಕಡಾ 1.6. ತಳ ಚಪ್ಪಟೆಯಾಗಿದೆ. ನಿಮ್ಮ ಮಾರಾಟದ ಬೆಲೆಯ ಅಂದಾಜಿನಲ್ಲೇ ಇದಕ್ಕಿಂತ ಹೆಚ್ಚು ತಪ್ಪಿರಬಹುದು. ಹಾಗಾಗಿ 4 ಎನ್ನುವುದನ್ನು ಶಾಸನದಂತೆ ಹಿಡಿಯಬೇಕಿಲ್ಲ. ಒಂದು ವರ್ಷ ಹಿಂದೆ ಮುಂದೆ ಆದರೆ ದೊಡ್ಡ ನಷ್ಟವಿಲ್ಲ. ಆದರೆ 7 ವರ್ಷ ಇಟ್ಟುಕೊಂಡರೆ ವರ್ಷಕ್ಕೆ 45 ಹೆಚ್ಚು ತೆರುತ್ತೀರಿ.

ಬಡ್ಡಿಯನ್ನು ಬಿಟ್ಟು ಬರಿಯ ಸರಾಸರಿ ತೆಗೆದಿದ್ದರೆ 3ನೇ ವರ್ಷದಲ್ಲಿ 346.7, 4ನೇ ವರ್ಷದಲ್ಲಿ 350 ಬಂದು ಉತ್ತರ 3 ವರ್ಷ ಆಗುತ್ತಿತ್ತು. ಬಡ್ಡಿಯನ್ನು 20%ಗೆ ಏರಿಸಿದರೆ 4ನೇ ವರ್ಷಕ್ಕೆ 492.9, 5ನೇ ವರ್ಷಕ್ಕೆ 492.3, ಕೂದಲೆಳೆಯಲ್ಲಿ ಉತ್ತರ 5ಕ್ಕೆ ಜರುಗುತ್ತದೆ. ಕಾರಣ ಸರಳ: ಬೆಲೆ ಕುಸಿತದ ದೊಡ್ಡ ಪೆಟ್ಟು ಮೊದಲೇ ಬೀಳುತ್ತದೆ, ಏರುವ ರಿಪೇರಿ ಆಮೇಲೆ ಬರುತ್ತದೆ, ಬಡ್ಡಿ ಹೆಚ್ಚಿದಷ್ಟೂ ಆಮೇಲಿನ ಖರ್ಚಿನ ತೂಕ ಇಳಿಯುತ್ತದೆ.

ಹಂತ 6: ಈಗ ಇರುವ ಹಳೆಯ ಯಂತ್ರದ ತೀರ್ಮಾನ

ಮೇಲಿನ ಲೆಕ್ಕ ಹೊಸದಾಗಿ ಕೊಳ್ಳುವವರಿಗೆ. ಹೆಚ್ಚಿನವರ ಪ್ರಶ್ನೆ ಬೇರೆ: ಶೆಡ್ಡಿನಲ್ಲಿ ಆಗಲೇ ಒಂದು ಹಳೆಯ ಕಂಪ್ರೆಸರ್ ಓಡುತ್ತಿದೆ, ಅದರ ಗತಿ ಏನು? ಆ ಹಳೆಯ ಯಂತ್ರದ ವಯಸ್ಸನ್ನೂ, ಅದನ್ನು ಎಷ್ಟಕ್ಕೆ ಕೊಂಡಿರಿ ಎಂಬುದನ್ನೂ, ಕಳೆದ ವರ್ಷ ಅದಕ್ಕೆ ಎಷ್ಟು ಸುರಿದಿರಿ ಎಂಬುದನ್ನೂ ಮರೆಯಿರಿ. ಆ ಹಣ ಯಾವ ತೀರ್ಮಾನ ಮಾಡಿದರೂ ವಾಪಸು ಬರುವುದಿಲ್ಲ. ಇವತ್ತು ಮಾರಿದರೆ ಎಷ್ಟು, ಒಂದು ವರ್ಷದ ಮೇಲೆ ಮಾರಿದರೆ ಎಷ್ಟು, ನಡುವೆ ನಿರ್ವಹಣೆ ಎಷ್ಟು ಎಂಬ ಮೂರೇ ಅಂಕಿ ಸಾಕು.

ಹಳೆಯ ಕಂಪ್ರೆಸರ್‌ಗೆ ಇವತ್ತು 180, ಒಂದು ವರ್ಷದ ಮೇಲೆ 130, ಮುಂದಿನ ವರ್ಷದ ನಿರ್ವಹಣೆ 300 ಎಂದಿಟ್ಟುಕೊಳ್ಳಿ. ಇನ್ನೊಂದು ವರ್ಷ ಇಟ್ಟುಕೊಳ್ಳುವ ಬೆಲೆ 198 − 130 + 300 = 368. ಹೊಸದರ ಅತಿ ಕಡಿಮೆ ಬಾಡಿಗೆ 419.2. ಹಾಗಾದರೆ ಈ ವರ್ಷ ಇಟ್ಟುಕೊಳ್ಳಿ. ಹೊಸ ಯಂತ್ರದ ಮೊದಲ ವರ್ಷದ ನಿರ್ವಹಣೆ ಬರೀ 100 ಎಂದು 300ರ ಜೊತೆ ಹೋಲಿಸಿ ಈಗಲೇ ಬದಲಾಯಿಸಿದ್ದರೆ ವರ್ಷಕ್ಕೆ 51 ದಂಡ. ಅದರ ಮುಂದಿನ ವರ್ಷ ನಿರ್ವಹಣೆ 390, ಕೊನೆಯ ಬೆಲೆ 90 ಆದರೆ 143 − 90 + 390 = 443. ಇದು 419.2 ದಾಟಿತು. ಒಂದು ವರ್ಷ ಓಡಿಸಿ ಬದಲಾಯಿಸಬೇಕು ಎಂದು ಉತ್ತರ ಬಂತು.

ಹಂತ 7: ಓವರ್‌ಹಾಲ್ ಮಧ್ಯೆ ಬಂದಾಗ

ಒಂದು ವರ್ಷದ ಈ ಪರೀಕ್ಷೆ ನಂಬಿಕೆಗೆ ಅರ್ಹವಾಗಿರುವುದು ಮುಂದಿನ ವರ್ಷಗಳ ಬೆಲೆ ಏರುತ್ತಲೇ ಹೋಗುವಾಗ ಮಾತ್ರ. ನಡುವೆ ಒಂದು ದೊಡ್ಡ ಖರ್ಚು ಬಂದು ಆಮೇಲೆ ಖರ್ಚು ತಗ್ಗುವುದಾದರೆ ಅದು ದಾರಿ ತಪ್ಪಿಸುತ್ತದೆ. ಸ್ಕ್ರೂ ಕಂಪ್ರೆಸರ್‌ನಲ್ಲಿ ಏರ್‌ಎಂಡ್ ಬಿಚ್ಚಿ ಬೇರಿಂಗ್, ಸೀಲ್ ಬದಲಾಯಿಸುವ ಓವರ್‌ಹಾಲ್ ಸರಿಯಾಗಿ ಅಂಥದ್ದು.

ಹಳೆಯ ಯಂತ್ರದ ಬೆಲೆ 130ಕ್ಕೆ ಇಳಿದಿರುವ ಆ ಹೊತ್ತಿನಲ್ಲಿ, 250 ಕೊಟ್ಟು ಓವರ್‌ಹಾಲ್ ಮಾಡಿಸಿದರೆ ಮುಂದಿನ ಎರಡು ವರ್ಷದ ನಿರ್ವಹಣೆ 200 ಮತ್ತು 280ಕ್ಕೆ ಇಳಿಯುತ್ತದೆ, ಮಾರಾಟದ ಬೆಲೆ 140 ಮತ್ತು 100 ಇರುತ್ತದೆ ಎನ್ನೋಣ. ಒಂದು ವರ್ಷದ ಪರೀಕ್ಷೆ ಮಾಡಿದರೆ ಮೊದಲ ವರ್ಷದ ಬೆಲೆ (130 + 250) × 1.1 − 140 + 200 = 478. ಇದು 419.2ಕ್ಕಿಂತ ಎಷ್ಟೋ ಹೆಚ್ಚು, ಯಂತ್ರ ಗುಜರಿಗೆ ಹೋಗಬೇಕು ಎನಿಸುತ್ತದೆ. ಆದರೆ ಎರಡನೇ ವರ್ಷದ ಬೆಲೆ 154 − 100 + 280 = 334 ಮಾತ್ರ. ಎರಡನ್ನೂ ಸೇರಿಸಿ ಇಂದಿನ ಮೌಲ್ಯಕ್ಕೆ ತಂದರೆ 710.6, ಎರಡು ವರ್ಷದ ಮೇಲೆ ಹಂಚಿದರೆ ವರ್ಷಕ್ಕೆ 409.4. ಓವರ್‌ಹಾಲ್ ಗೆದ್ದಿತು.

ಹಾಗಾಗಿ ಹಳೆಯ ಯಂತ್ರಕ್ಕೂ 1 ವರ್ಷ, 2 ವರ್ಷ, 3 ವರ್ಷ ಇಟ್ಟುಕೊಂಡರೆ ಎಂದು ಬೇರೆ ಬೇರೆ ಸಮಾನ ವಾರ್ಷಿಕ ವೆಚ್ಚ ತೆಗೆದು, ಅದರಲ್ಲಿ ಅತಿ ಕಡಿಮೆಯದನ್ನು ಹೊಸದರ ಅತಿ ಕಡಿಮೆಯದಕ್ಕೆ ಎದುರಿಡಬೇಕು. ಆದರೂ ಈ ಗೆಲುವನ್ನು ಸಂಶಯದಿಂದಲೇ ನೋಡುವುದು ಒಳ್ಳೆಯದು. ಎರಡನೇ ವರ್ಷದ ನಿರ್ವಹಣೆ 280ರ ಬದಲು 300 ಆದರೆ 409.4 ಹೋಗಿ 419.0 ಆಗುತ್ತದೆ, ಲಾಭವೆಲ್ಲ ಅಳಿಸಿಹೋಯಿತು. ಓವರ್‌ಹಾಲ್ ಮಾಡುವವರು ಹೇಳುವ ರಿಪೇರಿ ಅಂದಾಜು ಏರ್‌ಎಂಡ್‌ಗೆ ಮಾತ್ರ ಸಂಬಂಧಿಸಿರುತ್ತದೆ. ಮೋಟಾರ್, ಕೂಲರ್, ಕಂಟ್ರೋಲ್ ಬೋರ್ಡ್ ಹಳೆಯವೇ ಆಗಿ ಉಳಿಯುತ್ತವೆ. ಅವುಗಳ ಖರ್ಚನ್ನು ಬೇರೆಯಾಗಿ ಬರೆದು ಸೇರಿಸಿದ ಮೇಲೂ ಅಂತರ ಉಳಿದರೆ ಮಾತ್ರ ಓವರ್‌ಹಾಲ್‌ಗೆ ಒಪ್ಪಿಕೊಳ್ಳಿ.

ನಿರ್ವಹಣೆಯ ದಾಖಲೆ ಓದುವಾಗಲೂ ಇದೇ ತೊಡಕು ಬರುತ್ತದೆ. ಹಳೆಯ ದಾಖಲೆಯಲ್ಲಿ ಒಂದು ವರ್ಷ 520, ಮರುವರ್ಷ 180 ಇದ್ದರೆ ಮೊದಲ ವರ್ಷ ಓವರ್‌ಹಾಲ್ ಆಗಿದೆಯೇ ಎಂದು ನೋಡಬೇಕು. ಸರಾಸರಿ ಮಾಡಿ 350, 350 ಎಂದು ಬರೆದುಬಿಟ್ಟರೆ ತಿರುವು ಎಲ್ಲಿದೆ ಎಂಬುದೇ ಮುಚ್ಚಿಹೋಗುತ್ತದೆ. ಜೊತೆಗೆ ಯಂತ್ರ ಓಡಿದ ಗಂಟೆಗಳನ್ನೂ ಬರೆದಿಡಿ. ವರ್ಷಕ್ಕೆ 2,000 ಗಂಟೆ ಓಡಿದ ಯಂತ್ರದ ದಾಖಲೆಯನ್ನು ವರ್ಷಕ್ಕೆ 6,000 ಗಂಟೆ ಓಡುವ ಯಂತ್ರಕ್ಕೆ ವರ್ಷದ ಲೆಕ್ಕದಲ್ಲೇ ಹಾಕಿದರೆ ಉತ್ತರ ಪೂರ್ತಿ ಸುಳ್ಳಾಗುತ್ತದೆ. ಅಂಥ ಕಡೆ ಸವೆತದ ಖರ್ಚನ್ನು ಗಂಟೆಗೆ ಹೊಂದಿಸಿ, ಮಾರಾಟದ ಬೆಲೆಯನ್ನು ವಯಸ್ಸು ಮತ್ತು ಗಂಟೆ ಎರಡನ್ನೂ ಹೇಳಿ ವಿಚಾರಿಸಬೇಕು.

ಕೆಲಸಕ್ಕೆ ಕೊನೆಯ ದಿನಾಂಕ ಇದ್ದರೆ

ಈ ಇಡೀ ಲೆಕ್ಕದ ಹಿಂದೆ ಒಂದು ಊಹೆ ಅಡಗಿದೆ: ಯಂತ್ರದ ಕೆಲಸ ಮುಗಿಯುವುದೇ ಇಲ್ಲ, ಪ್ರತಿ ಸಲವೂ ಅಂಥದ್ದೇ ಯಂತ್ರ ಅದೇ ಬೆಲೆಗೆ ಸಿಗುತ್ತದೆ. ಹೊಸ ಮಾದರಿ ಬೇಗ ಅಗ್ಗವಾಗುತ್ತಿದ್ದರೆ ಹಳೆಯದನ್ನು ಸ್ವಲ್ಪ ಹೆಚ್ಚು ಕಾಲ ಇಟ್ಟುಕೊಳ್ಳುವುದಕ್ಕೆ ಕಾರಣ ಸಿಗುತ್ತದೆ. ಕೆಲಸವೇ ನಿರ್ದಿಷ್ಟ ವರ್ಷಕ್ಕೆ ಮುಗಿಯುವುದಾದರೆ ಸಮಾನ ವಾರ್ಷಿಕ ವೆಚ್ಚವನ್ನು ಬದಿಗಿಟ್ಟು, ಆ ಅವಧಿಗೆ ಹೊಂದುವ ಜೋಡಣೆಗಳ ಒಟ್ಟು ಇಂದಿನ ಮೌಲ್ಯವನ್ನು ನೇರವಾಗಿ ಹೋಲಿಸಬೇಕು.

ನಮ್ಮ ಕಂಪ್ರೆಸರ್ ಬೇಕಾದದ್ದು 6 ವರ್ಷದ ಗುತ್ತಿಗೆಗೆ ಎಂದುಕೊಳ್ಳಿ. 4 ವರ್ಷ ಉತ್ತಮ ಎಂದು ಬಂತಲ್ಲ ಎಂದು ಮೊದಲ ಯಂತ್ರ 4 ವರ್ಷ, ಎರಡನೆಯದು 2 ವರ್ಷ ಇಟ್ಟುಕೊಂಡರೆ: ಮೊದಲನೆಯದಕ್ಕೆ 1328.9, ಎರಡನೆಯದರ 776.9ನ್ನು 4 ವರ್ಷ ಹಿಂದಕ್ಕೆ ತಂದರೆ 530.6, ಒಟ್ಟು 1859.5. ಒಂದೇ ಯಂತ್ರವನ್ನು 6 ವರ್ಷ ಎಳೆದರೆ 1919.3. ಎರಡು ಯಂತ್ರಗಳನ್ನು ತಲಾ 3 ವರ್ಷ ಇಟ್ಟುಕೊಂಡರೆ 1056.3ಕ್ಕೆ 793.7 ಸೇರಿ 1850.0. ಇಲ್ಲಿ ಗೆದ್ದದ್ದು ಕೋಷ್ಟಕದ ಉತ್ತಮ ವಯಸ್ಸು 4 ಅಲ್ಲ, 3. ಎರಡನೇ ಯಂತ್ರವನ್ನು 2 ವರ್ಷಕ್ಕೇ ಮಾರುವಾಗ ಅದರ ಮೊದಲ ವರ್ಷದ 500ರ ಪೆಟ್ಟನ್ನು ಹಂಚಿಕೊಳ್ಳಲು ಸಾಕಷ್ಟು ವರ್ಷಗಳೇ ಉಳಿದಿರುವುದಿಲ್ಲ.